ಚೆರ್ರಿ ತೋಟದ ಲೆಕ್ಕ

ಇರಾನಿನ ಶಾಲೆಯೊಂದರ ಅಂಕಪಟ್ಟಿ. ಗಣಿತದ ಸಾಲಿನ ಎದುರು ۱۷/۵ ಎಂದು ಬರೆದಿತ್ತು. ಪರ್ಷಿಯನ್ ಅಂಕಿಗಳನ್ನು ಒಂದೊಂದಾಗಿ ಗುರುತಿಸುತ್ತಾ ಹೋದರೆ ಮೊದಲು ಒಂದು, ಆಮೇಲೆ ಏಳು, ಒಂದು ಓರೆ ಗೀಟು, ಕೊನೆಗೆ ಐದು. ಹದಿನೇಳು ಬೈ ಐದು ಎಂದು ಓದಿದರೆ ಮೂರೂವರೆಗೂ ಕಡಿಮೆ. ಐದಕ್ಕೆ ಹದಿನೇಳು ಅಂಕ ಎಂದು ಓದಿದರೆ ಅರ್ಥವೇ ಇಲ್ಲ. ಆ ಹುಡುಗಿಗೆ ನಿಜವಾಗಿ ಬಂದದ್ದು ಹದಿನೇಳೂವರೆ, ಅದೂ ಇಪ್ಪತ್ತಕ್ಕೆ. ಇರಾನಿನ ಶಾಲೆಗಳಲ್ಲಿ ಅಂಕ ಕೊಡುವುದು ನೂರಕ್ಕಲ್ಲ, ಇಪ್ಪತ್ತಕ್ಕೆ. ನಾವು ಚುಕ್ಕೆ ಇಡುವ ಜಾಗದಲ್ಲಿ ಅವರು ಓರೆ ಗೀಟು ಎಳೆಯುತ್ತಾರೆ. ಅದರ ಹೆಸರು ಮೊಮಯ್ಯೆಜ್. ಬೇರ್ಪಡಿಸುವುದು ಎಂದು ಅರ್ಥ.

ಮೈಸೂರಿಗೆ ಸಂಶೋಧನೆಗೆಂದು ಬಂದು ನಮ್ಮ ಬೀದಿಯ ಮಹಡಿ ಮನೆಯಲ್ಲಿದ್ದ ಇರಾನಿ ದಂಪತಿಯ ಮಗಳದು ಆ ಅಂಕಪಟ್ಟಿ. ಆರನೇ ತರಗತಿಯ ಹುಡುಗಿ. ಲೆಕ್ಕದಲ್ಲಿ ಚುರುಕು, ಇಂಗ್ಲಿಷ್ ಮಾತ್ರ ಹೊಸದು. ಇಲ್ಲಿನ ಶಾಲೆಯಲ್ಲಿ ಕೂಡುವುದು, ಕಳೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ವಾಕ್ಯರೂಪದ ಲೆಕ್ಕ ಬಂದ ಕೂಡಲೇ ಪೆನ್ಸಿಲ್ ನಿಲ್ಲುತ್ತಿತ್ತು. ನಾನು ಬಹಳ ವರ್ಷ ಗಣಿತ ಹೇಳಿಕೊಟ್ಟವನು. ವಿಜಯಪುರದ ಆದಿಲ್‌ಶಾಹಿ ಕಾಲದ ಕಾಗದಪತ್ರಗಳನ್ನು ಓದುವ ಆಸೆಯಿಂದ ಪರ್ಷಿಯನ್ ಕಲಿತಿದ್ದೆ. ಅವಳ ಅಜ್ಜಿ ಊರಿನಿಂದ ಕಳಿಸಿದ ಅಭ್ಯಾಸ ಪುಸ್ತಕದಲ್ಲಿ ಅವಳು ಆಗಲೇ ಬಿಡಿಸಿ ಮುಗಿಸಿದ ಲೆಕ್ಕಗಳಿದ್ದವು. ಅವನ್ನೇ ಇಂಗ್ಲಿಷಿಗೆ ತಂದುಕೊಟ್ಟರೆ ಉತ್ತರ ಗೊತ್ತಿರುವುದರಿಂದ ಅವಳ ಗಮನವೆಲ್ಲ ಭಾಷೆಯ ಮೇಲಿರುತ್ತದೆ ಎಂಬ ಯೋಚನೆ ಬಂತು. ಹತ್ತು ಲೆಕ್ಕ ಅನುವಾದಿಸಲು ಒಂದು ಸಂಜೆ ಸಾಕು ಅಂದುಕೊಂಡಿದ್ದೆ. ಮೊದಲನೆಯದಕ್ಕೇ ಒಂದು ಸಂಜೆ ಹಿಡಿಯಿತು.

ಕತೆಯನ್ನೋ ಸುದ್ದಿಯನ್ನೋ ಅನುವಾದಿಸುವಾಗ ಒಂದು ಪದ ಅತ್ತಿತ್ತ ಸರಿದರೂ ಓದುಗ ಸುಧಾರಿಸಿಕೊಳ್ಳುತ್ತಾನೆ. ಲೆಕ್ಕದಲ್ಲಿ ಆ ಸಲುಗೆ ಇಲ್ಲ. ಮೂಲದ ವಾಕ್ಯದಿಂದ ಮಗು ಯಾವ ಸಮೀಕರಣ ಬರೆಯುತ್ತದೋ ಅನುವಾದದ ವಾಕ್ಯದಿಂದಲೂ ಅದೇ ಸಮೀಕರಣ ಹುಟ್ಟಬೇಕು. ಅದಕ್ಕಿಂತ ಸುಲಭವಾಗಬಾರದು, ಕಷ್ಟವೂ ಆಗಬಾರದು. ಹಾಗಾಗಿ ಅನುವಾದಕ ಮೊದಲು ಮಾಡಬೇಕಾದ ಕೆಲಸ ಲೆಕ್ಕವನ್ನು ಮೂಲದಲ್ಲೇ ಬಿಡಿಸಿ, ಉತ್ತರವನ್ನು ಒಂದು ಬದಿಗೆ ಬರೆದಿಟ್ಟುಕೊಳ್ಳುವುದು.

ಆ ಪುಸ್ತಕದ ಮಾದರಿಯಲ್ಲೇ ಕಟ್ಟಿದ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಅದರ ಸಾರ ಹೀಗಿದೆ: ಒಬ್ಬ ತೋಟಗಾರನ ಬಳಿ 12 ಸೇಬಿನ ಮರಗಳಿವೆ. ಅವನ ಚೆರ್ರಿ ಮರಗಳ ಸಂಖ್ಯೆ ಸೇಬಿನ ಮರಗಳ ಮೂರರಷ್ಟಕ್ಕಿಂತ 5 ಕಡಿಮೆ. ಒಂದೊಂದು ಚೆರ್ರಿ ಮರದಿಂದ ۷/۵ ಕಿಲೋ ಹಣ್ಣು ಸಿಕ್ಕಿತು. ಕಿಲೋಗೆ 80 ಸಾವಿರ ತೋಮಾನ್‌ನಂತೆ ಅಷ್ಟನ್ನೂ ಮಾರಿದ. ಅವನಿಗೆ ಒಟ್ಟು ಎಷ್ಟು ರಿಯಾಲ್ ಬಂತು?

ಇದರಲ್ಲಿ ನಾಲ್ಕು ಕಡೆ ಕಾಲು ಜಾರಬಹುದು.

ಮೊದಲನೆಯದು ಮರ ಎಣಿಸುವ ರೀತಿ. ಪರ್ಷಿಯನ್‌ನಲ್ಲಿ ಸಂಖ್ಯೆಗೂ ವಸ್ತುವಿಗೂ ನಡುವೆ ಒಂದು ಎಣಿಕೆಯ ಪದ ಬರುತ್ತದೆ, ನಾವು ‘ಎರಡು ಜೊತೆ ಚಪ್ಪಲಿ’, ‘ನಾಲ್ಕು ಎಸಳು ಬೆಳ್ಳುಳ್ಳಿ’ ಎನ್ನುವ ಹಾಗೆ. ಮರಗಳಿಗೆ ಅಸ್ಲೆ, ದನಕರುಗಳಿಗೆ ತಲೆ ಎಂಬರ್ಥದ ರಅಸ್, ಪುಸ್ತಕಗಳಿಗೆ ಜೆಲ್ದ್, ಮನುಷ್ಯರಿಗೆ ನಫರ್. ಒಂಟೆಗಳನ್ನೂ ಖರ್ಜೂರದ ಮರಗಳನ್ನೂ ಎಣಿಸುವುದು ಮನುಷ್ಯರ ಈ ನಫರ್ ಪದದಿಂದಲೇ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಮೊಟ್ಟೆಯಂಥ ಬಿಡಿ ಸಾಮಾನಿಗೆ ಅದದ್ ಎನ್ನುತ್ತಾರೆ, ಆ ಪದದ ಮೂಲ ಅರ್ಥ ಸಂಖ್ಯೆ. ಹನ್ನೆರಡು ಮೊಟ್ಟೆ ಎಂದು ಹೇಳಬೇಕಾದಲ್ಲಿ ‘ಟ್ವೆಲ್ವ್ ನಂಬರ್ ಎಗ್’ ಎಂದಾಗುವುದು ಈ ಕಾರಣದಿಂದ. ಸಂಖ್ಯೆಯ ಮುಂದೆ ಬರುವ ನಾಮಪದ ಪರ್ಷಿಯನ್‌ನಲ್ಲಿ ಏಕವಚನದಲ್ಲೇ ಇರುತ್ತದೆ, ನಾವು ‘ಹತ್ತು ಮೊಟ್ಟೆ ಕೊಡಿ’ ಎನ್ನುತ್ತೇವಲ್ಲ, ಹಾಗೆ. ಇಂಗ್ಲಿಷಿನಲ್ಲಿ ಎಣಿಕೆಯ ಪದವನ್ನು ಬಿಟ್ಟು, ಮರವನ್ನು ಬಹುವಚನ ಮಾಡಿದರೆ ಇಷ್ಟು ಮುಗಿಯಿತು.

ಎಣಿಕೆ ಪದಗಳ ಪೈಕಿ ಎಚ್ಚರ ಬೇಕಾದದ್ದು ‘ತಾ’ ಎಂಬ ಚಿಕ್ಕ ಪದಕ್ಕೆ. ‘ಸೆ ತಾ ಸೀಬ್’ ಎಂದರೆ ಮೂರು ಸೇಬು. ಅದೇ ‘ತಾ’ ಎರಡು ಸಂಖ್ಯೆಗಳ ನಡುವೆ ಬಂದರೆ ‘ವರೆಗೆ’ ಎಂದಾಗುತ್ತದೆ. ‘ದೋ ತಾ ಪಂಜ್’ ಎಂದರೆ ಎರಡರಿಂದ ಐದರವರೆಗೆ. ಮಗ್ಗಿ ಹೇಳುವಾಗಲೂ ಮಕ್ಕಳು ಇದನ್ನೇ ಬಳಸುತ್ತಾರೆ: ದೋ ದೋ ತಾ ಚಹಾರ್ ತಾ, ಎರಡೆರಡ್ಲ ನಾಲ್ಕು. ಒಂದೇ ಪದ ಎಣಿಕೆಗೂ ವ್ಯಾಪ್ತಿಗೂ ಗುಣಾಕಾರಕ್ಕೂ ಬರುತ್ತದೆ.

ಎರಡನೆಯ ಕಡೆಯೇ ಈ ಲೆಕ್ಕದ ಕೇಂದ್ರ: ‘ಮೂರರಷ್ಟಕ್ಕಿಂತ ಐದು ಕಡಿಮೆ’. ಪರ್ಷಿಯನ್‌ನಲ್ಲಿ ಅದು ‘ಅಜ್ ಸೆ ಬರಾಬರೆ’ ಎಂದು ಶುರುವಾಗಿ, ನಡುವೆ ಸೇಬಿನ ಮರಗಳ ಸಂಖ್ಯೆಯನ್ನು ಹೇಳಿ, ‘ಪಂಜ್ ಅಸ್ಲೆ ಕಮ್‌ತರ್ ಅಸ್ತ್’ ಎಂದು ಮುಗಿಯುತ್ತದೆ. ಬರಾಬರ್ ಪದ ಕನ್ನಡಿಗರಿಗೆ ಹೊಸದಲ್ಲ. ಉತ್ತರ ಕರ್ನಾಟಕದವರು ಸರಿಯಾಗಿದೆ ಎನ್ನಲು ಬಳಸುವ, ಉಳಿದವರು ‘ಬರೋಬ್ಬರಿ ನೂರು ರೂಪಾಯಿ’ ಎನ್ನುವಾಗ ಬಳಸುವ ಮಾತು ಅಲ್ಲಿಂದಲೇ ಬಂದದ್ದು. ಬಿಡಿಯಾಗಿ ಬಂದಾಗ ಬರಾಬರ್ ಎಂದರೆ ಸಮ. ಹಿಂದೊಂದು ಸಂಖ್ಯೆ ಸೇರಿಕೊಂಡರೆ ಅಷ್ಟು ಪಟ್ಟು ಎಂದು ಅರ್ಥ ಬದಲಾಗುತ್ತದೆ. ದೋ ಬರಾಬರ್ ಎಂದರೆ ಎರಡು ಪಟ್ಟು, ಸೆ ಬರಾಬರ್ ಎಂದರೆ ಮೂರು ಪಟ್ಟು. ನಿಘಂಟಿನಲ್ಲಿ ‘ಈಕ್ವಲ್’ ಎಂದು ನೋಡಿ ಹಾಗೇ ಇಟ್ಟರೆ ‘ಮೂರು ಸಮ’ ಎಂಬ ಅರ್ಥವಿಲ್ಲದ ಮಾತು ಉಳಿಯುತ್ತದೆ.

ಪದ ಸರಿಯಾದರೂ ಕ್ರಮ ಕೈಕೊಡಬಹುದು. ಪರ್ಷಿಯನ್ ವಾಕ್ಯದಲ್ಲೂ ಕನ್ನಡದಲ್ಲೂ ಮಾತು ನಡೆಯುವ ಕ್ರಮವೇ ಲೆಕ್ಕದ ಕ್ರಮ. ಮೊದಲು ಮೂರರಷ್ಟು ಮಾಡು, ಆಮೇಲೆ ಐದು ಕಳೆ. ಇಂಗ್ಲಿಷಿನಲ್ಲಿ ಐದು ಮೊದಲು ಬರುತ್ತದೆ: ಫೈವ್ ಫ್ಯೂಯರ್ ದ್ಯಾನ್ ತ್ರೀ ಟೈಮ್ಸ್ ದ ನಂಬರ್ ಆಫ್ ಆ್ಯಪಲ್ ಟ್ರೀಸ್. ಕೊನೆಗೆ ಕಳೆಯಬೇಕಾದ ಸಂಖ್ಯೆ ವಾಕ್ಯದ ತಲೆಯಲ್ಲಿ ಕೂತಿದೆ. ಮೂಲದ ಪದಗಳ ಸಾಲನ್ನು ಬಿಡಲು ಮನಸ್ಸಾಗದೆ ‘ತ್ರೀ ಟೈಮ್ಸ್ ಫೈವ್ ಫ್ಯೂಯರ್ ಆ್ಯಪಲ್ ಟ್ರೀಸ್’ ಎಂದು ಬರೆದರೆ ಮಗು ಮೊದಲು ಹನ್ನೆರಡರಿಂದ ಐದು ಕಳೆದು ಬಂದದ್ದನ್ನು ಮೂರರಿಂದ ಗುಣಿಸುತ್ತದೆ. ಸರಿಯಾದ ಲೆಕ್ಕ 3 × 12 − 5 = 31. ತಪ್ಪಾದದ್ದು 3 × (12 − 5) = 21. ಎರಡೂ ಪೂರ್ಣ ಸಂಖ್ಯೆಗಳೇ, ಎರಡೂ ತೋಟದಲ್ಲಿ ಇರಬಹುದಾದಷ್ಟು ಮರಗಳೇ. ತಪ್ಪು ತಾನಾಗಿ ಕೂಗಿ ಹೇಳುವುದಿಲ್ಲ.

‘ಸೆ ಬರಾಬರ್ ಬೀಶ್‌ತರ್’ ಎಂಬ ಇನ್ನೊಂದು ಬಳಕೆ ಇದೆ. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ಮೂರು ಪಟ್ಟು ಹೆಚ್ಚು’. ಆಡುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಮೂರು ಪಟ್ಟೇ. ‘ತ್ರೀ ಟೈಮ್ಸ್ ಮೋರ್’ ಎಂದರೆ ಮೂರು ಪಟ್ಟೋ, ಮೂಲದ ಮೇಲೆ ಇನ್ನೂ ಮೂರು ಪಟ್ಟು ಸೇರಿ ನಾಲ್ಕು ಪಟ್ಟೋ ಎಂದು ಇಂಗ್ಲಿಷಿನವರೇ ವಾದ ಮಾಡುತ್ತಾರೆ. ಮಗುವಿನ ಲೆಕ್ಕದಲ್ಲಿ ಆ ವಾದಕ್ಕೆ ಜಾಗ ಕೊಡಬಾರದು. ‘ತ್ರೀ ಟೈಮ್ಸ್ ಆ್ಯಸ್ ಮೆನಿ ಆ್ಯಸ್’ ಎಂದು ಬರೆದರೆ ಎರಡನೆಯ ಅರ್ಥಕ್ಕೆ ದಾರಿ ಮುಚ್ಚುತ್ತದೆ.

ಮೂರನೆಯದು ಆ ಓರೆ ಗೀಟು. ۷/۵ ಎಂದರೆ ಏಳೂವರೆ ಕಿಲೋ. ಇಂಗ್ಲಿಷಿನಲ್ಲಿ 7/5 ಎಂದು ಉಳಿಸಿದರೆ ಅದು 1.4 ಕಿಲೋ. ಸಣ್ಣ ಮರವೊಂದರಿಂದ ಒಂದೂವರೆ ಕಿಲೋಗೆ ಸ್ವಲ್ಪ ಕಡಿಮೆ ಹಣ್ಣು ಬಂತು ಎಂದರೆ ನಂಬಬಹುದಾದ ಮಾತೇ. ಹಾಗಾದರೆ ಗೀಟು ದಶಮಾಂಶದ್ದೋ ಭಿನ್ನರಾಶಿಯದ್ದೋ ಎಂದು ತಿಳಿಯುವುದು ಹೇಗೆ? ಇರಾನಿನ ಶಾಲಾಪುಸ್ತಕದಲ್ಲಿ ಭಿನ್ನರಾಶಿಯನ್ನು ಮೇಲೆ ಕೆಳಗೆ ಬರೆದು ನಡುವೆ ಅಡ್ಡಗೆರೆ ಎಳೆಯುತ್ತಾರೆ. ಮೇಲಿನದು ಸೂರತ್, ಅಂದರೆ ಮುಖ. ಕೆಳಗಿನದು ಮಖ್ರಜ್, ಅಂದರೆ ಹೊರಬರುವ ದಾರಿ. ಸಾಲಿನೊಳಗೆ ಅಂಕಿಗಳ ಮಧ್ಯೆ ನಿಂತ ಓರೆ ಗೀಟು ಬಹುಮಟ್ಟಿಗೆ ಮೊಮಯ್ಯೆಜ್. ಕಿಲೋ, ಮೀಟರು, ಪರೀಕ್ಷೆಯ ಅಂಕ ಇವುಗಳ ಹಿಂದೆ ಬಂದರಂತೂ ಅನುಮಾನ ಬೇಡ. ۲/۷۵ ಎಂಬಂಥದ್ದು ತಾನೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ, ಎಪ್ಪತ್ತೈದರಲ್ಲಿ ಎರಡು ಪಾಲು ಎಂಬ ಭಿನ್ನರಾಶಿಯನ್ನು ಆರನೇ ತರಗತಿಯವರಿಗೆ ಯಾರೂ ಅಷ್ಟು ಸುಲಭವಾಗಿ ಕೊಡುವುದಿಲ್ಲ. ಅತಿ ಅಪಾಯದ್ದು ۱/۲. ಒಂದು ಪಾಯಿಂಟ್ ಎರಡೋ ಅರ್ಧವೋ ಎರಡೂ ಆಗಬಹುದು, ಮಗುವಿನ ಲೆಕ್ಕದಲ್ಲಿ ಎರಡೂ ಸಹಜ. ಅಲ್ಲಿ ಎರಡೂ ರೀತಿ ಬಿಡಿಸಿ, ಪುಸ್ತಕದ ಹಿಂದಿನ ಉತ್ತರಕ್ಕೆ ಯಾವುದು ಕೂಡುತ್ತದೆ ಎಂದು ನೋಡದೆ ಬೇರೆ ದಾರಿಯಿಲ್ಲ.

ನಾಲ್ಕನೆಯದು ದುಡ್ಡು. ಇರಾನಿನ ನೋಟಿನ ಮೇಲೆ ಅಚ್ಚಾಗುವುದು ರಿಯಾಲ್. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಜನ ಆಡುವುದು ತೋಮಾನ್. ಒಂದು ತೋಮಾನ್ ಎಂದರೆ ಹತ್ತು ರಿಯಾಲ್. ಮಂಗೋಲರ ಕಾಲದ, ಹತ್ತು ಸಾವಿರ ಎಂಬರ್ಥದ ಪದವೊಂದು ಇಂದು ಹತ್ತಕ್ಕೆ ಬಂದು ನಿಂತಿದೆ. ಮಾತಿನಲ್ಲಿ ಸಾವಿರವನ್ನು ನುಂಗಿ ‘ಎಂಬತ್ತು ತೋಮಾನ್’ ಎಂದು ಎಂಬತ್ತು ಸಾವಿರವನ್ನು ಹೇಳುವುದೂ ಉಂಟು. ನಮ್ಮ ಲೆಕ್ಕದಲ್ಲಿ ಬೆಲೆ ತೋಮಾನ್‌ನಲ್ಲಿದೆ, ಪ್ರಶ್ನೆ ರಿಯಾಲ್‌ನಲ್ಲಿದೆ. ಲೆಕ್ಕ ಬರೆದವರು ಇದನ್ನು ಬೇಕೆಂದೇ ಇಟ್ಟಿದ್ದಾರೆ, ಮಾನ ಪರಿವರ್ತನೆಯೂ ಪರೀಕ್ಷೆಯ ಭಾಗ. ಅನುವಾದಕ ಎರಡನ್ನೂ ‘ಡಾಲರ್’ ಎಂದೋ ‘ರೂಪೀಸ್’ ಎಂದೋ ಬದಲಿಸಿದರೆ ಲೆಕ್ಕದ ಕೊನೆಯ ಹೆಜ್ಜೆಯೇ ಮಾಯವಾಗುತ್ತದೆ.

ಈಗ ಬಿಡಿಸೋಣ. ಚೆರ್ರಿ ಮರಗಳು 31. ಹಣ್ಣು 31 × 7.5 = 232.5 ಕಿಲೋ. ಹಣ 232.5 × 80,000 = 1,86,00,000 ತೋಮಾನ್, ಅಂದರೆ 18,60,00,000 ರಿಯಾಲ್. ಇಂಗ್ಲಿಷ್ ಓದುಗರಿಗೆ ಅಲ್ಪವಿರಾಮ ಬೇರೆ ಕಡೆ ಬೀಳುತ್ತದೆ, 186,000,000. ಎರಡು ಕಡೆ ತಪ್ಪಿದ ಅನುವಾದದಲ್ಲಿ ಇದೇ ಲೆಕ್ಕ 21 × 1.4 = 29.4 ಕಿಲೋ ಆಗುತ್ತದೆ. ಅದನ್ನು ಎಂಬತ್ತು ಸಾವಿರದಿಂದ ಗುಣಿಸಿದರೂ ಎಲ್ಲೂ ಶೇಷ ಉಳಿಯದೆ 23,52,000 ಎಂದು ನಯವಾಗಿ ಮುಗಿಯುತ್ತದೆ. ಲೆಕ್ಕದ ಉತ್ತರ ಒರಟಾಗಿ ಬಂದರೆ ಮಕ್ಕಳು ತಾವಾಗಿ ಅನುಮಾನಪಡುತ್ತಾರೆ. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಮಗು ಸರಿಯಾಗಿ ಗುಣಿಸಿದೆ, ಸರಿಯಾಗಿ ಕಳೆದಿದೆ, ಆದರೂ ಉತ್ತರ ತಪ್ಪು. ಆ ತಪ್ಪು ಅನುವಾದಕನದು, ಅಂಕ ಕಳೆದುಕೊಳ್ಳುವುದು ಮಗು. ಈ ಕೆಲಸದಲ್ಲಿ ನನ್ನನ್ನು ಎಚ್ಚರವಾಗಿಟ್ಟದ್ದು ಅದೊಂದೇ.

ವಾಕ್ಯಗಳ ಕಷ್ಟ ಹೀಗಾದರೆ ಪಾರಿಭಾಷಿಕ ಪದಗಳ ಕಷ್ಟ ಬೇರೆ ರೀತಿಯದು. ‘ಮಜ್ಮೂಎ ದೋ ಅದದೆ ಅವ್ವಲ್ ಸೀ ಅಸ್ತ್’ ಎಂಬ ವಾಕ್ಯವನ್ನು ನೋಡಿ. ಮಜ್ಮೂ ಎಂದರೆ ಮೊತ್ತ, ಸೀ ಎಂದರೆ ಮೂವತ್ತು. ಅದದೆ ಅವ್ವಲ್ ಎಂದರೆ ಅಕ್ಷರಶಃ ‘ಮೊದಲ ಸಂಖ್ಯೆ’. ನಮ್ಮ ಕಂದಾಯ ಕಚೇರಿಗಳಲ್ಲಿ ಬಾಳಿದ ‘ಅವ್ವಲ್ ಕಾರಕೂನ’ನ ಅವ್ವಲ್ಲೇ ಇದು. ಹಾಗಾದರೆ ವಾಕ್ಯದ ಅರ್ಥ ‘ಮೊದಲ ಎರಡು ಸಂಖ್ಯೆಗಳ ಮೊತ್ತ ಮೂವತ್ತು’ ಎಂದೇ? ಅಲ್ಲ. ಗಣಿತದಲ್ಲಿ ಅದದೆ ಅವ್ವಲ್ ಎಂದರೆ ಅವಿಭಾಜ್ಯ ಸಂಖ್ಯೆ. ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಮೂವತ್ತು, ಅವು ಯಾವುವು ಎಂಬುದು ಪ್ರಶ್ನೆ. 7 ಮತ್ತು 23, 11 ಮತ್ತು 19, 13 ಮತ್ತು 17 ಎಂದು ಮೂರು ಜೋಡಿ ಸಿಗುತ್ತವೆ.

ಇಂಗ್ಲಿಷಿನ ‘ಪ್ರೈಮ್’ ಪದದ ಹೊಟ್ಟೆಯಲ್ಲೂ ಇರುವುದು ಇದೇ ‘ಮೊದಲನೆಯದು’. ಗ್ರೀಕರು ಇಟ್ಟ ಹೆಸರನ್ನು ಅರಬ್ಬಿಯವರು ತಮ್ಮ ನುಡಿಗೆ ತಿರುಗಿಸಿಕೊಂಡರು, ಲ್ಯಾಟಿನ್‌ನವರು ತಮ್ಮದಕ್ಕೆ. ಇಂಗ್ಲಿಷ್ ಮಗುವಿಗೆ ಲ್ಯಾಟಿನ್ ಗೊತ್ತಿಲ್ಲದ ಕಾರಣ ಅರ್ಥ ಮರೆಯಾಗಿ ಪದ ಗಣಿತಕ್ಕಷ್ಟೇ ಮೀಸಲಾಯಿತು. ಇರಾನಿನ ಮಗುವಿಗೆ ಅವ್ವಲ್ ದಿನಬಳಕೆಯ ಪದ, ತಾನು ಓದುವ ತರಗತಿಗೂ ಅದೇ, ಓಟದಲ್ಲಿ ಬರುವ ಬಹುಮಾನಕ್ಕೂ ಅದೇ. ನಾವು ಕನ್ನಡದವರು ಬೇರೆ ದಾರಿ ಹಿಡಿದು, ಭಾಗವಾಗದ್ದು ಎಂಬ ಗುಣವನ್ನೇ ಹೆಸರಾಗಿಸಿಕೊಂಡೆವು. ನಿಜವಾದ ಗೊಂದಲ ಹುಟ್ಟುವುದು ಎರಡು ಸಂಖ್ಯೆಗಳ ಬಗ್ಗೆ ಹೇಳುತ್ತಾ ‘ಮೊದಲನೆಯದು ಎರಡನೆಯದರ ದುಪ್ಪಟ್ಟು’ ಎನ್ನುವ ಲೆಕ್ಕದಲ್ಲಿ. ಅಲ್ಲೂ ಅದದೆ ಅವ್ವಲ್ ಎಂದೇ ಬರುತ್ತದೆ. ಪಕ್ಕದಲ್ಲಿ ‘ಅದದೆ ದೊವ್ವೊಮ್’, ಅಂದರೆ ಎರಡನೆಯ ಸಂಖ್ಯೆ ಇದೆಯೇ ಎಂದು ಹುಡುಕಬೇಕು. ಇದ್ದರೆ ಇದು ಬರೀ ಮೊದಲನೆಯದು.

ರೇಖಾಗಣಿತದಲ್ಲಿ ಪರ್ಷಿಯನ್ ಜಿಪುಣ. ಖೊತ್ರ್ ಎಂಬ ಒಂದೇ ಪದ ವೃತ್ತದಲ್ಲಿ ವ್ಯಾಸ, ಆಯತದಲ್ಲಿ ಕರ್ಣ. ಬಿಲ್ಲಿನ ಹೆದೆ ಎಂಬರ್ಥದ ವತರ್ ವೃತ್ತದಲ್ಲಿ ಜ್ಯಾ, ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಎದುರಿನ ಉದ್ದ ಬಾಹು. ಇಂಗ್ಲಿಷಿನಲ್ಲಿ ಇವು ನಾಲ್ಕು ಬೇರೆ ಬೇರೆ ಪದ: ಡಯಾಮೀಟರ್, ಡಯಾಗನಲ್, ಕಾರ್ಡ್, ಹೈಪಾಟಿನ್ಯೂಸ್. ಚಿತ್ರ ನೋಡದೆ ಬರೀ ವಾಕ್ಯ ಹಿಡಿದು ಅನುವಾದಿಸುವವರು ಎಡವುವುದು ಇಲ್ಲೇ. ವೃತ್ತವೊಂದನ್ನು ಬರೆದು, ಅದರ ವ್ಯಾಸವನ್ನೇ ಒಂದು ಬಾಹುವಾಗಿಟ್ಟು, ಮೂರನೇ ಶೃಂಗ ವೃತ್ತದ ಮೇಲೆಯೇ ಬರುವಂತೆ ತ್ರಿಭುಜ ರಚಿಸಿ. ಆ ಮೂರನೇ ಶೃಂಗದಲ್ಲಿ ಲಂಬಕೋನ ಸಿಗುತ್ತದೆ. ಈಗ ಅದೇ ಒಂದು ಗೆರೆ ವೃತ್ತಕ್ಕೆ ಖೊತ್ರ್, ತ್ರಿಭುಜಕ್ಕೆ ವತರ್, ವೃತ್ತಕ್ಕೂ ಒಂದು ವತರ್. ಮೂಲದಲ್ಲಿ ‘ವತರ್‌ನ ಉದ್ದ 10’ ಎಂದಿದ್ದರೆ ಅದು ಯಾವ ಪಾತ್ರದಲ್ಲಿ ಬಂದಿದೆ ಎಂದು ಹಿಂದುಮುಂದಿನ ವಾಕ್ಯದಿಂದ ನಿರ್ಧರಿಸಿ, ಒಂದು ಇಂಗ್ಲಿಷ್ ಪದವನ್ನು ಹಿಡಿದು, ಲೆಕ್ಕ ಮುಗಿಯುವವರೆಗೆ ಅದನ್ನು ಬಿಡಬಾರದು. ಶೈಲಿಗೆಂದು ಒಂದು ಸಾಲಿನಲ್ಲಿ ‘ಸೈಡ್’, ಇನ್ನೊಂದರಲ್ಲಿ ‘ಲೈನ್’ ಎಂದು ಬದಲಾಯಿಸಿದರೆ ಮಗು ಎರಡು ಗೆರೆಗಳನ್ನು ಹುಡುಕಲು ಹೊರಡುತ್ತದೆ.

ಯಾವ ದೇಶದ ಇಂಗ್ಲಿಷ್ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಜುಜನಖೆ ಎಂದರೆ ಒಂದು ಜೊತೆ ಬಾಹುಗಳು ಸಮಾಂತರವಾಗಿರುವ ಚತುರ್ಭುಜ, ನಮ್ಮ ಪುಸ್ತಕಗಳ ತ್ರಾಪಿಜ್ಯ. ಬ್ರಿಟಿಷ್ ಹಾಗೂ ಭಾರತೀಯ ಶಾಲೆಗಳಲ್ಲಿ ಅದು ಟ್ರೆಪೀಜಿಯಂ, ಅಮೆರಿಕದಲ್ಲಿ ಟ್ರೆಪಿಜಾಯಿಡ್. ಮೈಸೂರಿನ ಹುಡುಗಿಗೆ ಒಂದು, ಲಾಸ್ ಏಂಜಲೀಸಿಗೆ ಹೋದ ಅವಳ ಚಿಕ್ಕಮ್ಮನ ಮಗನಿಗೆ ಇನ್ನೊಂದು.

ಕೆಲವು ಪದಗಳು ಎಷ್ಟು ಚೆನ್ನಾಗಿವೆ ಎಂದರೆ ಅವನ್ನು ಬಿಟ್ಟುಕೊಡುವಾಗ ಸಂಕಟವಾಗುತ್ತದೆ. ಭಾಗಲಬ್ಧ ಸಂಖ್ಯೆಗೆ ಪರ್ಷಿಯನ್‌ನಲ್ಲಿ ಗೂಯಾ, ಅಂದರೆ ಮಾತಾಡುವ ಸಂಖ್ಯೆ. ಎರಡರ ವರ್ಗಮೂಲದಂಥ ಅಭಾಗಲಬ್ಧ ಸಂಖ್ಯೆಗೆ ಗೊಂಗ್, ಅಂದರೆ ಮೂಕ ಸಂಖ್ಯೆ. ತನ್ನ ಬೆಲೆಯನ್ನು ಎರಡು ಪೂರ್ಣ ಸಂಖ್ಯೆಗಳ ಅನುಪಾತವಾಗಿ ಬಾಯಿಬಿಟ್ಟು ಹೇಳಲಾರದ್ದು. ಅರಬ್ಬಿಯವರು ಇದನ್ನು ಕಿವುಡು ಎಂದರು, ಲ್ಯಾಟಿನ್‌ನವರು ಅದನ್ನೇ ಅನುವಾದಿಸಿದರು, ಇಂಗ್ಲಿಷಿನ ‘ಸರ್ಡ್’ ಅಲ್ಲಿಂದ ಬಂತು. ಆದರೂ ಮಗುವಿನ ಹಾಳೆಯಲ್ಲಿ ‘ಮ್ಯೂಟ್ ನಂಬರ್’ ಎಂದು ಬರೆಯುವಂತಿಲ್ಲ. ಅವಳ ಇಂಗ್ಲಿಷ್ ಪುಸ್ತಕದಲ್ಲಿ ಇರುವುದು ‘ಇರ್‍ಯಾಷನಲ್’, ಪರೀಕ್ಷೆಯಲ್ಲಿ ಬರುವುದೂ ಅದೇ. ಮೂಕ ಸಂಖ್ಯೆಯ ಕತೆಯನ್ನು ಬಾಯಲ್ಲಿ ಹೇಳಿದೆ, ಹಾಳೆಯಲ್ಲಿ ಬರೆಯಲಿಲ್ಲ.

ಹಾಳೆಯಲ್ಲಿ ಏನಿರಬೇಕು, ಬದಿಯಲ್ಲಿ ಏನಿರಬೇಕು ಎಂಬ ಈ ಪ್ರಶ್ನೆಗೆ ಇನ್ನೂರು ವರ್ಷಕ್ಕೂ ಹಳೆಯ ಉದಾಹರಣೆ ಒಂದಿದೆ, ನಮಗೂ ಅದರೊಂದಿಗೆ ನಂಟಿದೆ. ವಿಜ್ಜಡವಿಡ ತನ್ನ ಊರೆಂದು ಹೇಳಿಕೊಂಡ ಭಾಸ್ಕರಾಚಾರ್ಯ ಹನ್ನೆರಡನೇ ಶತಮಾನದಲ್ಲಿ ಲೀಲಾವತಿಯನ್ನೂ ಬೀಜಗಣಿತವನ್ನೂ ಸಂಸ್ಕೃತದಲ್ಲಿ ಬರೆದ. ಆ ಊರು ವಿಜಯಪುರವೇ ಎಂಬ ಮಾತು ನಮ್ಮಲ್ಲಿ ಇದೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಕ್ಬರನ ಅಪ್ಪಣೆಯಂತೆ ಕವಿ ಫೈಜಿ 1587ರಲ್ಲಿ ಲೀಲಾವತಿಯನ್ನು ಪರ್ಷಿಯನ್‌ಗೆ ತಂದ. ಷಹಜಹಾನನ ಕಾಲದಲ್ಲಿ ಅತಾ ಅಲ್ಲಾಹ್ ರುಶ್ದಿ ಬೀಜಗಣಿತವನ್ನು ತಂದ. ಆ ಪರ್ಷಿಯನ್ ಬೀಜಗಣಿತವನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಎಡ್ವರ್ಡ್ ಸ್ಟ್ರೇಚಿ ಇಂಗ್ಲಿಷಿಗೆ ಅನುವಾದಿಸಿ 1813ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಸಂಸ್ಕೃತದಿಂದ ಹೊರಟ ಲೆಕ್ಕ ಪರ್ಷಿಯನ್ ಹಾದು ಇಂಗ್ಲಿಷ್ ಸೇರಿತು.

ಸ್ಟ್ರೇಚಿಗೆ ಎದುರಾದ ತೊಡಕು ಕುತೂಹಲದ್ದು. ಪರ್ಷಿಯನ್ ಅನುವಾದಕ ಮೂಲವನ್ನೂ ವಿವರಣೆಯನ್ನೂ ಒಂದರೊಳಗೊಂದು ಕಲಸಿಬಿಟ್ಟಿದ್ದ. ಎಲ್ಲಿಯವರೆಗೆ ಭಾಸ್ಕರ, ಎಲ್ಲಿಂದ ರುಶ್ದಿ ಎಂದು ಬಿಡಿಸಿ ಹೇಳುವುದು ಸ್ಟ್ರೇಚಿಗೆ ಸಾಧ್ಯವಾಗಲಿಲ್ಲ. ಸಂಸ್ಕೃತದ ಮೂಲವನ್ನು ನೋಡಿ ಡೇವಿಸ್ ಎಂಬುವರು ಮಾಡಿಟ್ಟಿದ್ದ ಟಿಪ್ಪಣಿಗಳನ್ನು ಅವನು ತನ್ನ ಪುಸ್ತಕದಲ್ಲಿ ಪ್ರತ್ಯೇಕವಾಗಿ ಸೇರಿಸಬೇಕಾಯಿತು. 1817ರಲ್ಲಿ ಕೋಲ್‌ಬ್ರೂಕ್ ಸಂಸ್ಕೃತದಿಂದಲೇ ನೇರವಾಗಿ ಅನುವಾದಿಸಿ ಪ್ರಕಟಿಸಿದ ಮೇಲೆಯೇ ಇಂಗ್ಲಿಷ್ ಓದುಗರಿಗೆ ಭಾಸ್ಕರನ ಬೀಜಗಣಿತ ಸ್ಪಷ್ಟವಾಗಿ ಕಂಡದ್ದು.

ಶಾಲೆಯ ಹಾಳೆಯಲ್ಲಿ ಈ ಕಲಸುವಿಕೆ ಸಣ್ಣ ರೂಪದಲ್ಲಿ ನಡೆಯುತ್ತದೆ. ‘ಮೂರರಷ್ಟಕ್ಕಿಂತ ಐದು ಕಡಿಮೆ’ ಎಂಬುದನ್ನು ಮಗುವಿಗೆ ಸುಲಭವಾಗಲಿ ಎಂದು ‘ಮೊದಲು ಹನ್ನೆರಡನ್ನು ಮೂರರಿಂದ ಗುಣಿಸು, ಬಂದದ್ದರಲ್ಲಿ ಐದು ಕಳೆ’ ಎಂದು ಬಿಡಿಸಿ ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಪ್ರೀತಿಯಿಂದಲೇ ಆಗುತ್ತದೆ. ಆದರೆ ಲೆಕ್ಕ ಕೇಳುತ್ತಿದ್ದುದೇ ಆ ಸಾಲಿನಿಂದ ಆ ಎರಡು ಹೆಜ್ಜೆಗಳನ್ನು ಹೊರತೆಗೆಯುವ ಶಕ್ತಿಯನ್ನು. ಅನುವಾದಕನೇ ಅದನ್ನು ಮಾಡಿಕೊಟ್ಟರೆ ಉಳಿಯುವುದು ಬರೀ ಗುಣಾಕಾರ. ಭಾಷೆಯ ಕಷ್ಟವನ್ನು ತೆಗೆಯಬೇಕು, ಗಣಿತದ ಕಷ್ಟವನ್ನು ಮುಟ್ಟಬಾರದು. ಒಂದು ತೋಮಾನ್‌ಗೆ ಹತ್ತು ರಿಯಾಲ್ ಎಂಬುದು ಗಣಿತದ ಕಷ್ಟವಲ್ಲ. ಇರಾನಿನ ಮಗುವಿಗೆ ಅದು ಹುಟ್ಟಿನಿಂದ ಗೊತ್ತು, ಇಂಗ್ಲಿಷ್ ಓದುಗನಿಗೆ ಗೊತ್ತಿಲ್ಲ. ಆದ್ದರಿಂದ ಅದನ್ನು ಲೆಕ್ಕದ ಕೆಳಗೆ ಬೇರೆ ಸಾಲಿನಲ್ಲಿ, ಟಿಪ್ಪಣಿ ಎಂದು ಕಾಣುವ ಹಾಗೆ ಕೊಡುವುದು ನ್ಯಾಯ.

ತಿಂಗಳುಗಳಿಗೂ ಇದೇ ಮಾತು. ಇರಾನಿನ ಸೌರ ಪಂಚಾಂಗದಲ್ಲಿ ಮೊದಲ ಆರು ತಿಂಗಳಿಗೆ 31 ದಿನ, ಮುಂದಿನ ಐದಕ್ಕೆ 30, ಕೊನೆಯದಕ್ಕೆ 29 ಅಥವಾ 30. ‘ಶಹರೀವರ್ 25ರಿಂದ ಮೆಹ್ರ್ 5ರವರೆಗೆ, ಎರಡೂ ದಿನ ಸೇರಿ, ದಿನಕ್ಕೊಂದು ಮಾತ್ರೆ ತೆಗೆದುಕೊಂಡರೆ ಒಟ್ಟು ಎಷ್ಟು?’ ಎಂದು ಕೇಳಿದರೆ ಶಹರೀವರ್ ಆರನೇ ತಿಂಗಳು, 31 ದಿನ ಎಂಬುದನ್ನು ಮಗು ನೆನಪಿಸಿಕೊಳ್ಳಬೇಕು. ಏಳು ಮತ್ತು ಐದು ಸೇರಿ ಹನ್ನೆರಡು ಮಾತ್ರೆ. ಹೆಸರುಗಳನ್ನಷ್ಟೇ ಬದಲಿಸಿ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 5 ಎಂದರೆ ಸೆಪ್ಟೆಂಬರಿಗೆ ಮೂವತ್ತೇ ದಿನ, ಉತ್ತರ ಹನ್ನೊಂದು. ಹೋಗಲಿ, ದಿನಾಂಕಗಳನ್ನೇ ಸರಿಯಾಗಿ ಪರಿವರ್ತಿಸೋಣ ಎಂದರೆ ಅವು ಸಾಮಾನ್ಯವಾಗಿ ಸೆಪ್ಟೆಂಬರ್ 16 ಮತ್ತು 27 ಆಗುತ್ತವೆ. ಉತ್ತರ ಹನ್ನೆರಡೇ, ಆದರೆ ಎರಡೂ ಒಂದೇ ತಿಂಗಳಿಗೆ ಬಂದು, ತಿಂಗಳು ದಾಟುವ ಕಷ್ಟವೇ ಇಲ್ಲವಾಯಿತು. ಶಹರೀವರ್ ಎಂದೇ ಉಳಿಸಿ, ಅದಕ್ಕೆ 31 ದಿನ ಎಂದು ಕೆಳಗೊಂದು ಸಾಲು ಕೊಡುವುದೇ ಮೇಲು. ಇದೇ ತಿಂಗಳುಗಳನ್ನು ಅಫ್ಘಾನಿಸ್ತಾನದ ದರಿ ಮಾತಾಡುವವರು ಸೊಂಬೊಲೆ, ಮೀಜಾನ್ ಎಂದು ರಾಶಿಗಳ ಹೆಸರಿನಿಂದ ಕರೆಯುತ್ತಾರೆ, ನಮ್ಮ ಕನ್ಯಾ ಮತ್ತು ತುಲಾ. ಕಾಬೂಲಿನಿಂದ ಬಂದ ಮಗುವಿಗೆ ಲೆಕ್ಕ ಕೊಡುವಾಗ ಅದನ್ನೂ ನೋಡಿಕೊಳ್ಳಬೇಕು.

ಸರ್ವನಾಮ ಇನ್ನೊಂದು. ಪರ್ಷಿಯನ್‌ನ ‘ಊ’ ಅವನೂ ಹೌದು, ಅವಳೂ ಹೌದು. ವಯಸ್ಸಿನ ಲೆಕ್ಕದಲ್ಲಿ ಅಣ್ಣ, ತಂಗಿ, ತಂದೆ ಮೂವರೂ ಬಂದು ‘ಐದು ವರ್ಷದ ನಂತರ ಊಗೆ ಎಷ್ಟು ವಯಸ್ಸು?’ ಎಂದರೆ ಇಂಗ್ಲಿಷಿನಲ್ಲಿ ಹೀ ಅಥವಾ ಶೀ ಎಂದು ಆರಿಸಲೇಬೇಕು. ಆರಿಸಿದ ಕೂಡಲೇ ಮೂಲದಲ್ಲಿ ಇಲ್ಲದ ಸುಳಿವೊಂದು ಸೇರಿಕೊಳ್ಳುತ್ತದೆ. ಹೆಸರನ್ನೇ ಮತ್ತೆ ಬರೆದರೆ ವಾಕ್ಯ ಸ್ವಲ್ಪ ಒರಟಾಗುತ್ತದೆ, ಲೆಕ್ಕ ಸ್ವಚ್ಛವಾಗಿರುತ್ತದೆ.

ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಹಾಳೆಯಾದರೆ ಒಂದು ಅಪಾಯ ಹೆಚ್ಚು. ಪರ್ಷಿಯನ್ ಬರಹ ಬಲದಿಂದ ಎಡಕ್ಕೆ, ಒಂದು ಸಂಖ್ಯೆಯೊಳಗಿನ ಅಂಕಿಗಳು ಎಡದಿಂದ ಬಲಕ್ಕೆ. ಕೈಬರಹದಲ್ಲಿ ಇದರಿಂದ ತೊಂದರೆಯಿಲ್ಲ. ಬೆರಳಚ್ಚಿನಲ್ಲಿ ಎಂಟು, ಜಾಗ, ಕಳೆಯುವ ಚಿಹ್ನೆ, ಜಾಗ, ಮೂರು ಎಂದು ಒತ್ತಿದರೆ ಪರದೆ ಅದನ್ನು ಬಲದಿಂದ ಎಡಕ್ಕೆ ಜೋಡಿಸಿ, ನಮ್ಮ ಕಣ್ಣಿಗೆ ಮೂರರಿಂದ ಎಂಟು ಕಳೆದಂತೆ ತೋರಿಸಬಹುದು. ಕೂಡುವ ಲೆಕ್ಕದಲ್ಲಿ ಈ ಅದಲುಬದಲು ಗೊತ್ತೇ ಆಗುವುದಿಲ್ಲ, ಕಳೆಯುವಾಗ ಮತ್ತು ಭಾಗಿಸುವಾಗ ಎಲ್ಲ ತಲೆಕೆಳಗು. ಹಾಗಾಗಿ ಸಮೀಕರಣಗಳನ್ನು ನಕಲು ಮಾಡಿ ಅಂಟಿಸದೆ, ವಾಕ್ಯ ಓದಿಕೊಂಡು ಕೈಯಾರೆ ಹೊಸದಾಗಿ ಬರೆಯುವುದನ್ನು ರೂಢಿಸಿಕೊಂಡೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಮೂಲವನ್ನು ಓದಿದವರು ತಮ್ಮ ಅನುವಾದದ ತಪ್ಪನ್ನು ತಾವೇ ಕಾಣಲಾರರು, ಕಣ್ಣು ಇಂಗ್ಲಿಷನ್ನು ಓದುತ್ತಿದ್ದರೂ ಮನಸ್ಸು ಪರ್ಷಿಯನ್ನನ್ನೇ ನೆನೆಯುತ್ತಿರುತ್ತದೆ. ಪರ್ಷಿಯನ್ ಗೊತ್ತೇ ಇಲ್ಲದ, ಅದೇ ತರಗತಿಯ ಮಗುವೊಂದಕ್ಕೆ ಹಾಳೆ ಕೊಟ್ಟು ಬಿಡಿಸಲು ಹೇಳಬೇಕು. ಬಂದ ಉತ್ತರವನ್ನು ಮೊದಲೇ ಬದಿಗೆ ಬರೆದಿಟ್ಟ ಉತ್ತರದ ಪಕ್ಕದಲ್ಲಿ ಇಡಬೇಕು.

ಚೆರ್ರಿ ತೋಟದ ಹಾಳೆಯನ್ನು ಆ ಹುಡುಗಿಯ ಪಕ್ಕದ ಬೆಂಚಿನ ಗೆಳತಿ ನಮ್ಮ ಮನೆಯ ಜಗಲಿಯಲ್ಲಿ ಕೂತು ಬಿಡಿಸಿದಳು. ಮೂವತ್ತೊಂದು ಮರ ಬಂತು. ಇನ್ನೂರ ಮೂವತ್ತೆರಡೂವರೆ ಕಿಲೋ ಬಂತು. ಗುಣಾಕಾರ ಮುಗಿಸಿ 1,86,00,000 ಎಂದು ಬರೆದು, ಪೆನ್ಸಿಲ್ ಕೆಳಗಿಟ್ಟು ತಲೆಯೆತ್ತಿದಳು.

“ಸರ್, ತೋಮಾನೂ ರಿಯಾಲೂ ಒಂದೇನಾ?”

ನಾನು ಬಾಯಿ ತೆರೆಯುವ ಮುಂಚೆಯೇ ಇರಾನಿನ ಹುಡುಗಿ ತನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ನೋಟಿನ ಮೇಲೆ ಬರೆದಿರುವುದು ರಿಯಾಲ್, ಅಜ್ಜಿ ತರಕಾರಿಯವನ ಹತ್ತಿರ ಹೇಳುವುದು ತೋಮಾನ್, ಒಂದು ಸೊನ್ನೆ ತೆಗೆದರೆ ಅದು ಇದಾಗುತ್ತದೆ. ಗೆಳತಿ ಕೊನೆಯಲ್ಲಿ ಒಂದು ಸೊನ್ನೆ ಸೇರಿಸಿದಳು. ನಾನು ಹಾಳೆ ತೆಗೆದುಕೊಂಡು, ಬರೆಯುವುದನ್ನು ಮರೆತಿದ್ದ ಆ ಟಿಪ್ಪಣಿಯ ಸಾಲನ್ನು ಲೆಕ್ಕದ ಕೆಳಗೆ ಬರೆದೆ.